ಫೆಬ್ರವರಿ ಸಂಬಳದಲ್ಲಿ ಮಾತ್ರ 300 ರೂಪಾಯಿ ಯಾಕೆ?

1/5
ಕರ್ನಾಟಕದಲ್ಲಿ ಕೆಲಸ ಮಾಡೋ ಅಣ್ಣನದೋ ಅಕ್ಕನದೋ ಸ್ಯಾಲರಿ ಸ್ಲಿಪ್ ಒಮ್ಮೆ ತೆಗೆದು ನೋಡಿ. ಕಡಿತಗಳ ಸಾಲಲ್ಲಿ ‘ಪಿ.ಟಿ.’ ಅಂತ ಒಂದು ಇರುತ್ತೆ. ಅದು ವೃತ್ತಿ ತೆರಿಗೆ. ತಿಂಗಳ ಸಂಬಳ 25,000 ಅಥವಾ ಅದಕ್ಕಿಂತ ಹೆಚ್ಚಿದ್ರೆ 200 ರೂಪಾಯಿ ಹೋಗುತ್ತೆ, ಕಮ್ಮಿ ಇದ್ರೆ ಏನೂ ಇಲ್ಲ. 2025ರ ಏಪ್ರಿಲ್‌ನಿಂದ ಹೊಸ ನಿಯಮ: ಫೆಬ್ರವರಿಯಲ್ಲಿ ಮಾತ್ರ 300.

ಲೆಕ್ಕ ಹಾಕಿ. ಹನ್ನೊಂದು ತಿಂಗಳು 200, ಒಂದು ತಿಂಗಳು 300. ಒಟ್ಟು 2,500. ಇದಕ್ಕಿಂತ ಒಂದು ರೂಪಾಯಿ ಜಾಸ್ತಿ ಹಾಕೋಕೂ ರಾಜ್ಯ ಸರ್ಕಾರಕ್ಕೆ ಅಧಿಕಾರ ಇಲ್ಲ. ಅದನ್ನ ತಡೆದಿರೋದು ಸಂವಿಧಾನ. ಯಾಕೆ ಅಂತ ತಿಳೀಬೇಕಾದ್ರೆ 1939ಕ್ಕೆ ಹೋಗಬೇಕು.

2/5
ಆಗ ಜಾರಿಯಲ್ಲಿದ್ದದ್ದು 1935ರ ಭಾರತ ಸರ್ಕಾರ ಕಾಯ್ದೆ. ಯಾವ ತೆರಿಗೆ ಯಾರಿಗೆ ಅಂತ ಅದರಲ್ಲಿ ಪಟ್ಟಿ ಮಾಡಿದ್ರು. ಕೃಷಿ ಬಿಟ್ಟು ಉಳಿದ ಆದಾಯದ ಮೇಲಿನ ತೆರಿಗೆ ಕೇಂದ್ರದ್ದು. ವೃತ್ತಿ, ವ್ಯಾಪಾರ, ಉದ್ಯೋಗದ ಮೇಲಿನ ತೆರಿಗೆ ಪ್ರಾಂತ್ಯಗಳದ್ದು. ಕಾಗದದ ಮೇಲೆ ಎರಡೂ ಬೇರೆ ಬೇರೆ.

ಸಂಯುಕ್ತ ಪ್ರಾಂತ್ಯದಲ್ಲಿ, ಅಂದ್ರೆ ಈಗಿನ ಉತ್ತರ ಪ್ರದೇಶದಲ್ಲಿ, ಗೋವಿಂದ ವಲ್ಲಭ ಪಂತರ ಕಾಂಗ್ರೆಸ್ ಸರ್ಕಾರ ಇತ್ತು. 1939ರಲ್ಲಿ ಅದು ‘ಉದ್ಯೋಗ ತೆರಿಗೆ’ ಮಸೂದೆ ತಂತು. ಸಂಬಳ ಏರಿದ ಹಾಗೆ ತೆರಿಗೆಯೂ ಏರುತ್ತೆ ಅನ್ನೋ ಲೆಕ್ಕ. ತಕ್ಷಣ ಜಗಳ ಶುರುವಾಯ್ತು: ಹೆಸರು ಉದ್ಯೋಗ ತೆರಿಗೆ, ಆದರೆ ಅಳೆಯೋದು ಸಂಬಳವನ್ನ. ಹಾಗಾದ್ರೆ ಇದು ಆದಾಯ ತೆರಿಗೆಯೇ ಅಲ್ವಾ?

3/5
ಬ್ರಿಟಿಷ್ ಸಂಸತ್ತು 1940ರಲ್ಲಿ ಆ ಕಾಯ್ದೆಗೆ 142ಎ ಅನ್ನೋ ಕಲಂ ಸೇರಿಸಿತು. ಅದರಲ್ಲಿ ಎರಡು ಮಾತಿತ್ತು. ಆದಾಯಕ್ಕೆ ಸಂಬಂಧಿಸಿದೆ ಅನ್ನೋ ಒಂದೇ ಕಾರಣಕ್ಕೆ ಪ್ರಾಂತ್ಯದ ವೃತ್ತಿ ತೆರಿಗೆ ಅಸಿಂಧು ಆಗಲ್ಲ. ಆದರೆ ಒಬ್ಬ ವ್ಯಕ್ತಿಯಿಂದ ವರ್ಷಕ್ಕೆ 50 ರೂಪಾಯಿ ಮೀರಿ ತೆಗೆದುಕೊಳ್ಳೋ ಹಾಗಿಲ್ಲ.

ಅಂದ್ರೆ ‘ಎರಡೂ ತೆರಿಗೆ ಒಂದೇನಾ?’ ಅನ್ನೋ ಪ್ರಶ್ನೆಗೆ ತರ್ಕದಿಂದ ಉತ್ತರ ಕೊಡಲೇ ಇಲ್ಲ. ಬೇಲಿ ಹಾಕಿ ಮುಗಿಸಿದ್ರು. ನಮ್ಮ ಸಂವಿಧಾನ ಬರೆದಾಗಲೂ ಅದೇ ಬೇಲಿ 276ನೇ ವಿಧಿಯಾಗಿ ಉಳೀತು, ಮಿತಿ 250 ರೂಪಾಯಿ ಆಯ್ತು. ಬೆಲೆಗಳು ಏರಿದ್ವು, ಮಿತಿ ಮಾತ್ರ ಅಲ್ಲೇ ನಿಂತಿತ್ತು. 1988ರ ಅರವತ್ತನೇ ತಿದ್ದುಪಡಿ ಅದನ್ನ 2,500ಕ್ಕೆ ಏರಿಸಿತು. ಇವತ್ತಿಗೂ ಅಷ್ಟೇ. ಕರ್ನಾಟಕದ ಕಾಯ್ದೆ 1976ರದ್ದು. ತಿಂಗಳಿಗೆ 200ರ ಲೆಕ್ಕದಲ್ಲಿ ವರ್ಷಕ್ಕೆ 2,400 ಬರ್ತಿತ್ತು. ಬಾಕಿ ಉಳಿದಿದ್ದ ಆ 100 ರೂಪಾಯಿಯೇ ಈಗ ಫೆಬ್ರವರಿಗೆ ಸೇರಿರೋದು.

4/5
ಈ ಬೇಲಿಯ ಪರಿಣಾಮ ನೋಡಿ. ಒಬ್ಬರಿಗೆ ತಿಂಗಳಿಗೆ 25,000 ಸಂಬಳ, ಇನ್ನೊಬ್ಬರಿಗೆ 2,50,000. ಇಬ್ಬರೂ ಕಟ್ಟೋ ವೃತ್ತಿ ತೆರಿಗೆ ಅದೇ 2,500. ಮೊದಲನೆಯವರ ಸಂಬಳದಲ್ಲಿ ಅದು ನೂರಕ್ಕೆ ಸುಮಾರು 83 ಪೈಸೆ, ಎರಡನೆಯವರಿಗೆ ಎಂಟು ಪೈಸೆ ಚಿಲ್ಲರೆ. ಆದಾಯ ತೆರಿಗೆಯಲ್ಲಿ ಪೂರ್ತಿ ಉಲ್ಟಾ. 2025-26ರ ಹೊಸ ಪದ್ಧತಿಯಲ್ಲಿ ಮೊದಲನೆಯವರು ಸೊನ್ನೆ ಕಟ್ತಾರೆ, ಎರಡನೆಯವರು ನಾಲ್ಕೂವರೆ ಲಕ್ಷಕ್ಕೂ ಜಾಸ್ತಿ.

ಹಾಗಾಗಿ ದೊಡ್ಡ ಸಂಬಳದವರಿಂದ ಹೆಚ್ಚು ತಗೊಳ್ಳೋಣ ಅಂತ ರಾಜ್ಯಕ್ಕೆ ಅನ್ನಿಸಿದ್ರೂ ಆಗಲ್ಲ. ಅದರ ಕೈಯಲ್ಲಿ ಇರೋದು ಕೆಳಗಿನ ಗೆರೆ ಮಾತ್ರ, ಅಂದ್ರೆ ಎಷ್ಟು ಸಂಬಳದಿಂದ ಹಿಡಿಯೋದು ಶುರು ಅನ್ನೋದು. 2023ರಲ್ಲಿ ಕರ್ನಾಟಕ ಆ ಗೆರೆಯನ್ನ 15,000ದಿಂದ 25,000ಕ್ಕೆ ಏರಿಸಿತು. ಚಿಕ್ಕ ಸಂಬಳದವರಿಗೆ ನಿಜವಾದ ರಿಯಾಯಿತಿ ಸಿಕ್ಕಿದ್ದು ಅಲ್ಲಿ.

5/5
ಮುಂದೆ ಕೆಲಸಕ್ಕೆ ಸೇರಿದಾಗ ನಿಮಗೆ ಬೇಕಾಗೋ ಮಾತು ಇದು. ಆದಾಯ ತೆರಿಗೆ ನಿಮ್ಮ ಇಡೀ ವರ್ಷದ ಲೆಕ್ಕ. ಟಿ.ಡಿ.ಎಸ್. ಜಾಸ್ತಿ ಹಿಡಿದಿದ್ರೆ ರಿಟರ್ನ್ ಹಾಕಿ ವಾಪಸ್ ಪಡೀಬಹುದು. ವೃತ್ತಿ ತೆರಿಗೆ ಆಯಾ ತಿಂಗಳ ಲೆಕ್ಕ. ಡಿಸೆಂಬರ್‌ನಲ್ಲಿ 26,000ಕ್ಕೆ ಸೇರಿದ್ರಿ ಅಂದ್ಕೊಳ್ಳಿ. ಮಾರ್ಚ್‌ವರೆಗೆ ನಿಮ್ಮ ಆದಾಯ 1,04,000, ಆದಾಯ ತೆರಿಗೆ ಸೊನ್ನೆ. ಆದರೂ ವೃತ್ತಿ ತೆರಿಗೆ 200, 200, 300, 200, ಒಟ್ಟು 900 ಹೋಗಿರುತ್ತೆ.

ಆ 900ನ್ನ ಆದಾಯ ತೆರಿಗೆ ರಿಟರ್ನ್‌ನಲ್ಲಿ ಕ್ಲೇಮ್ ಮಾಡೋಕೆ ಆಗಲ್ಲ. ಫಾರ್ಮ್ 26ಎಎಸ್‌ನಲ್ಲಿ ಹುಡುಕಿದ್ರೂ ಸಿಗಲ್ಲ, ಯಾಕಂದ್ರೆ ಅದು ಕೇಂದ್ರಕ್ಕೆ ಹೋಗೇ ಇಲ್ಲ, ರಾಜ್ಯದ ಖಜಾನೆಗೆ ಹೋಗಿದೆ. ಹಳೇ ಪದ್ಧತಿ ಆರಿಸಿಕೊಂಡೋರಿಗೆ ಕಟ್ಟಿದ ವೃತ್ತಿ ತೆರಿಗೆಯನ್ನ ಸಂಬಳದ ಆದಾಯದಿಂದ ಕಳೆಯೋ ಅವಕಾಶ ಉಂಟು, ಹೊಸ ಪದ್ಧತಿಯಲ್ಲಿ ಅದೂ ಇಲ್ಲ.

ಕೊನೆಗೊಂದು ತಮಾಷೆ. ಇಷ್ಟೆಲ್ಲ ಜಗಳಕ್ಕೆ ಕಾರಣವಾದ ಉತ್ತರ ಪ್ರದೇಶದ ಸರ್ಕಾರ ಇವತ್ತು ನೌಕರರ ಸಂಬಳದಿಂದ ವೃತ್ತಿ ತೆರಿಗೆ ಹಿಡಿಯೋದೇ ಇಲ್ಲ. ಅಲ್ಲಿ ಶುರುವಾದ ಬೇಲಿಯ ಲೆಕ್ಕ ಮಾತ್ರ ನಮ್ಮ ಫೆಬ್ರವರಿ ಸ್ಲಿಪ್ಪಲ್ಲಿ ಕೂತಿದೆ.

#ವೃತ್ತಿತೆರಿಗೆ #ತೆರಿಗೆಯಕಥೆ #ಬಿಕಾಂಕನ್ನಡ