ಎಷ್ಟು ಕೊಟ್ಟರೆ ಸಾಕು?

ಪೀಟರ್ ಸಿಂಗರ್ ತಮ್ಮ ಪ್ರಸಿದ್ಧ ಪ್ರಬಂಧವನ್ನು ಬರೆದದ್ದು 1971ರ ನವೆಂಬರಿನಲ್ಲಿ. ಪೂರ್ವ ಬಂಗಾಳದಿಂದ ಓಡಿಬಂದ ಸುಮಾರು 90 ಲಕ್ಷ ನಿರಾಶ್ರಿತರು ಆಗ ಭಾರತದ ಶಿಬಿರಗಳಲ್ಲಿದ್ದರು. ಸಿಂಗರ್ ಅವರ ವಾದ ಎರಡು ಮಾತಿನಲ್ಲಿ ಮುಗಿಯುತ್ತದೆ. ಕೊಳದಲ್ಲಿ ಮುಳುಗುತ್ತಿರುವ ಮಗುವನ್ನು ಕಂಡರೆ, ಬಟ್ಟೆ ಕೆಸರಾಗುತ್ತದೆಂದು ಯಾರೂ ಸುಮ್ಮನೆ ನಿಲ್ಲುವಂತಿಲ್ಲ. ಮಗು ಎಷ್ಟು ದೂರದಲ್ಲಿದೆ ಎಂಬುದರಿಂದ ಕರ್ತವ್ಯ ಬದಲಾಗುವುದೂ ಇಲ್ಲ.

ಒಪ್ಪಿಕೊಂಡ ಮೇಲೆಯೇ ತೊಡಕು ಶುರುವಾಗುವುದು. ಕೊಳದ ಮಗು ಒಂದೇ. ದೂರದ ಮಕ್ಕಳಿಗೆ ಲೆಕ್ಕವಿಲ್ಲ. ಇವತ್ತು ಸಾವಿರ ರೂಪಾಯಿ ಕೊಟ್ಟೆ ಅನ್ನೋಣ, ನಾಳೆ ಇನ್ನೊಂದು ಮಗು ಅದೇ ಸ್ಥಿತಿಯಲ್ಲಿರುತ್ತದೆ, ನನ್ನ ಮುಂದಿನ ಸಾವಿರವೂ ಅದರ ಜೀವಕ್ಕಿಂತ ದೊಡ್ಡದಲ್ಲ. ಒಂದೊಂದು ಕಂತೂ ಸಣ್ಣದೇ, ಆದರೆ ಕಂತುಗಳು ಎಲ್ಲಿ ನಿಲ್ಲಬೇಕು? ಇನ್ನೂ ಕೊಟ್ಟರೆ ಪಡೆಯುವವರಿಗೆ ಆಗುವ ಲಾಭದಷ್ಟೇ ನಷ್ಟ ನನಗೂ ಆಗುತ್ತದೆ ಎನ್ನುವಲ್ಲಿ. ಅಂದರೆ ಕೊಡುವವನೂ ಹೆಚ್ಚುಕಡಿಮೆ ಬಂಗಾಳದ ನಿರಾಶ್ರಿತನ ಸ್ಥಿತಿಗೇ ಇಳಿಯಬೇಕಾಗುತ್ತದೆ. ಸಿಂಗರ್ ಇದನ್ನು ಮರೆಮಾಚಲಿಲ್ಲ, ಬಾಯಿಬಿಟ್ಟೇ ಹೇಳಿದರು. ಇಷ್ಟನ್ನೆಲ್ಲ ಬೇಡುವುದು ನೀತಿಯಾಗಲಾರದು ಎಂಬುದೇ, ಫಲಿತಾಂಶವನ್ನಷ್ಟೇ ನೋಡಿ ಸರಿತಪ್ಪು ನಿರ್ಧರಿಸುವ ಪರಿಣಾಮವಾದದ ಮೇಲಿನ ‘ಅತಿಬೇಡಿಕೆ’ಯ ಆಕ್ಷೇಪ.

ಈ ಆಕ್ಷೇಪದ ಬೇರು ಇನ್ನೂ ಹಿಂದಿನದು. ಸಹಸೈನಿಕರನ್ನು ಉಳಿಸಲು ಗ್ರೆನೇಡಿನ ಮೇಲೆ ಬೀಳುವವನು ಕರ್ತವ್ಯವನ್ನಷ್ಟೇ ಮಾಡಿದ ಎನ್ನಲಾಗದು, ಅದು ಕರ್ತವ್ಯವನ್ನು ಮೀರಿದ್ದು ಎಂದು ಜೆ. ಓ. ಉರ್ಮ್ಸನ್ 1958ರಲ್ಲೇ ವಾದಿಸಿದ್ದರು. ಆದರೆ ಗೆರೆ ಎಲ್ಲೋ ಇದೆ ಎನ್ನುವುದು ಸುಲಭ, ಎಳೆದು ತೋರಿಸುವುದು ಕಷ್ಟ.

ಎಳೆಯುವ ಧೈರ್ಯ ಮಾಡಿದವರು ಸ್ಯಾಮ್ಯುಯೆಲ್ ಶೆಫ್ಲರ್, 1982ರ ತಮ್ಮ ಪುಸ್ತಕದಲ್ಲಿ. ಪ್ರತಿಯೊಬ್ಬರೂ ತಮ್ಮ ನಷ್ಟಕ್ಕೆ ಇತರರ ನಷ್ಟಕ್ಕಿಂತ ಇಂತಿಷ್ಟು ಪಟ್ಟು ಹೆಚ್ಚು ತೂಕ ಕೊಟ್ಟುಕೊಳ್ಳಬಹುದು ಎಂದರು. ಆ ಪಟ್ಟು ಹತ್ತು ಎಂದಿಟ್ಟುಕೊಳ್ಳಿ. ನೆರವಾದರೆ ನನಗೆ 5 ಅಂಶ ನಷ್ಟ, ಇನ್ನೊಬ್ಬರಿಗೆ 40 ಅಂಶ ಲಾಭ. ನನ್ನ 5 ಹತ್ತರಿಂದ ಗುಣಿಸಿ 50 ಆಗುತ್ತದೆ, 40ಕ್ಕಿಂತ ಹೆಚ್ಚು. ಆದ್ದರಿಂದ ನಾನು ಕೊಡಲೇಬೇಕೆಂದಿಲ್ಲ. ಲಾಭ 60 ಆಗಿದ್ದರೆ ಕೊಡಲೇಬೇಕು. ನೋಡಲು ಅಚ್ಚುಕಟ್ಟಾದ ಏರ್ಪಾಡು.

ಶೆಲ್ಲಿ ಕೇಗನ್ ಅದರಲ್ಲಿ ತೂತು ಹುಡುಕಿದರು. ಅದೇ ಅಂಕಿಗಳನ್ನು ತಿರುಗಿಸಿ ಹಾಕಿ: ಒಬ್ಬನಿಗೆ 40 ಅಂಶ ಕೇಡು ಮಾಡಿದರೆ ನನಗೆ 5 ಅಂಶ ಲಾಭ. ಕೇಡು ಮಾಡದೆ ಬಿಟ್ಟರೆ ನನಗಾಗುವ ನಷ್ಟ 5, ಗುಣಿಸಿದರೆ 50. ಹಾಗಾದರೆ ಕೇಡು ಮಾಡಲೂ ನನಗೆ ಪರವಾನಗಿ ಸಿಕ್ಕಿತು! ನೆರವು ನಿರಾಕರಿಸಲು ಕೊಟ್ಟ ರಿಯಾಯಿತಿ, ಆಸ್ತಿಗಾಗಿ ನೆಂಟನನ್ನು ಮುಗಿಸುವುದಕ್ಕೂ ಒದಗಬಹುದು. ಇದನ್ನು ತಡೆಯಬೇಕಾದರೆ ಕೇಡು ಮಾಡುವುದು ಬೇರೆ, ಆಗಗೊಡುವುದು ಬೇರೆ ಎನ್ನಬೇಕು. ಆದರೆ ಕೇಡು ಮಾಡುವುದಕ್ಕೆ ಅಂಥ ಪ್ರತ್ಯೇಕ ನಿಷೇಧ ಹಾಕಲು ತಕ್ಕ ಸಮರ್ಥನೆ ಇಲ್ಲವೆಂದು ಶೆಫ್ಲರ್ ಅದೇ ಪುಸ್ತಕದಲ್ಲಿ ವಾದಿಸಿದ್ದರು.

ಲಿಯಾಂ ಮರ್ಫಿ 2000ದಲ್ಲಿ ಬೇರೆ ದಾರಿ ಹಿಡಿದರು: ಎಲ್ಲರೂ ತಮ್ಮ ಪಾಲು ಕೊಟ್ಟಿದ್ದರೆ ನನ್ನ ಮೇಲೆ ಎಷ್ಟು ಹೊರೆ ಬೀಳುತ್ತಿತ್ತೋ ಅಷ್ಟೇ ನನ್ನ ಕರ್ತವ್ಯ, ಉಳಿದವರು ಕೈಕೊಟ್ಟರೆ ಅವರ ಹೊರೆ ನನ್ನದಲ್ಲ. ನ್ಯಾಯವಾದ ಮಾತು ಅನ್ನಿಸುತ್ತದೆ. ಆದರೆ ದಡದಲ್ಲಿ ಇಬ್ಬರು, ನೀರಿನಲ್ಲಿ ಎರಡು ಮಕ್ಕಳು ಎಂದುಕೊಳ್ಳಿ. ನಾನು ಒಂದನ್ನು ಎತ್ತಿದೆ, ಜೊತೆಗಿದ್ದವನು ಹೊರಟುಹೋದ. ‘ನನ್ನ ಪಾಲು ಮುಗಿಯಿತು’ ಎಂದು ಬಟ್ಟೆ ಹಿಂಡುತ್ತ ನಿಂತವನನ್ನು ಯಾರು ಒಪ್ಪುತ್ತಾರೆ? ಈ ಪ್ರಶ್ನೆಗೆ ಮರ್ಫಿಯ ಸಿದ್ಧಾಂತದಲ್ಲಿ ಸಮಾಧಾನದ ಉತ್ತರ ಸಿಗದು ಎಂದೇ ನನ್ನ ಅಭಿಪ್ರಾಯ.

2007ರಲ್ಲಿ ಡೇವಿಡ್ ಸೋಬೆಲ್ ಆಕ್ಷೇಪದ ಬುಡಕ್ಕೇ ಕೈಹಾಕಿದರು. ಜೋಗೆ ಎರಡು ಆರೋಗ್ಯವಂತ ಮೂತ್ರಪಿಂಡಗಳಿವೆ. ಒಂದನ್ನು ಕೊಟ್ಟರೆ ಸ್ಯಾಲಿ ಬದುಕುತ್ತಾಳೆ. ಪರಿಣಾಮವಾದ ‘ಕೊಡು’ ಎನ್ನುತ್ತದೆ, ನಾವು ‘ಅತಿಯಾಯಿತು’ ಎನ್ನುತ್ತೇವೆ. ಸರಿ, ‘ಕೊಡಬೇಕಿಲ್ಲ’ ಎನ್ನುವ ನೀತಿ ಸ್ಯಾಲಿಯಿಂದ ಏನು ತೆಗೆದುಕೊಳ್ಳುತ್ತದೆ? ಅವಳ ಪ್ರಾಣವನ್ನೇ. ಹಾಗಿರುವಾಗ ಜೋನ ನಷ್ಟ ಮಾತ್ರ ‘ಬೇಡಿಕೆ’ ಅನ್ನಿಸಿಕೊಂಡು, ಸ್ಯಾಲಿಯ ಸಾವು ಲೆಕ್ಕಕ್ಕೇ ಬರದಿರುವುದು ಹೇಗೆ? ನೀತಿ ವಿಧಿಸುವ ನಷ್ಟವನ್ನಷ್ಟೇ ಎಣಿಸಿ, ಆಗಗೊಡುವ ನಷ್ಟವನ್ನು ಬದಿಗಿಟ್ಟರೆ ಮಾತ್ರ. ಆದರೆ ಹಾಗೆ ಬದಿಗಿಟ್ಟ ಕ್ಷಣದಲ್ಲೇ ನಾವು ಪರಿಣಾಮವಾದವನ್ನು ಬಿಟ್ಟಾಯಿತು. ಅದನ್ನು ಬಿಡಲು ಈ ಆಕ್ಷೇಪ ಹೊಸ ಕಾರಣವನ್ನೇನೂ ಕೊಡಲಿಲ್ಲ.

ಕೇಗನ್ ಮತ್ತು ಸೋಬೆಲ್ ಬೇರೆ ಬೇರೆ ದಿಕ್ಕಿನಿಂದ ಬಂದು ತಲುಪಿದ್ದು ಒಂದೇ ಜಾಗಕ್ಕೆ. ಇಲ್ಲಿ ಹತ್ತು ಪಟ್ಟೋ ನೂರು ಪಟ್ಟೋ ಎಂದು ಚೌಕಾಸಿ ಮಾಡಿ ಪ್ರಯೋಜನವಿಲ್ಲ. ‘ನನ್ನಿಂದ ಇಷ್ಟು ಕೇಳಬೇಡಿ’ ಎನ್ನುವವರು, ಮಾಡುವುದಕ್ಕೂ ಆಗಗೊಡುವುದಕ್ಕೂ ಇರುವ ಅಂತರ ನೀತಿಯ ದೃಷ್ಟಿಯಲ್ಲಿ ಯಾಕೆ ಅಷ್ಟು ತೂಕದ್ದು ಎಂದು ಮೊದಲು ತೋರಿಸಬೇಕು, ಅದೂ ಸ್ಯಾಲಿಯ ಕಡೆಯವರಿಗೂ ಒಪ್ಪುವ ಹಾಗೆ.