ಮೇಲ್ ನಿಲ್ಲಿಸಿ, ಮಾಹಿತಿ ಅಳಿಸಿ ಎಂದು ಯಾರಾದರೂ ಕೇಳಿದರೆ ಏನು ಉತ್ತರಿಸಬೇಕು? ಇಲ್ಲಿದೆ ವಿವರ

ಸಂಘ-ಸಂಸ್ಥೆಗಳು ಕಳಿಸುವ ಇಮೇಲ್‌ಗಳಿಗೆ ಎರಡು ಬಗೆಯ ಕೋರಿಕೆ ಬರುತ್ತವೆ. 'ಇನ್ನು ಮೇಲ್ ಕಳಿಸಬೇಡಿ' ಎಂಬುದು ಒಂದು, 'ನನ್ನ ಮಾಹಿತಿ ಅಳಿಸಿ' ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಮೇಲ್ ಮಾತ್ರ ನಿಲ್ಲಬೇಕು, ಸದಸ್ಯತ್ವ ಉಳಿಯುತ್ತದೆ. ಎರಡನೆಯದರಲ್ಲಿ ಫೋನ್ ನಂಬರ್, ವಿಳಾಸ ಎಲ್ಲವೂ ಹೋಗಬೇಕು. ಯಾವುದೆಂದು ಸ್ಪಷ್ಟವಾಗದಿದ್ದರೆ ಮೊದಲು ಮೇಲ್ ನಿಲ್ಲಿಸಿ, ನಂತರ ಕೇಳುವುದು ಒಳ್ಳೆಯದು.

ಪುಣೆಯ ಕನ್ನಡ ಸಂಘವೊಂದರ ಮಾಜಿ ಸದಸ್ಯರು ಮಾಹಿತಿ ಅಳಿಸಲು ಕೇಳಿದ್ದಾರೆ ಎಂದುಕೊಳ್ಳೋಣ. ಅವರ ವಿವರ ಮೇಲ್ ಪಟ್ಟಿಯಲ್ಲಿದೆ, ರಾಜ್ಯೋತ್ಸವದ ನೋಂದಣಿಯ ಎಕ್ಸೆಲ್ ಕಡತದಲ್ಲಿದೆ, 2,000 ರೂಪಾಯಿ ದೇಣಿಗೆಯ ರಸೀದಿಯಲ್ಲೂ ಇದೆ. ಮೊದಲೆರಡನ್ನು ಅಳಿಸಬಹುದು. ರಸೀದಿ ಲೆಕ್ಕಪತ್ರದ ಭಾಗವಾದ್ದರಿಂದ ಕಾನೂನು ಹೇಳಿದಷ್ಟು ಕಾಲ ಇಡಲೇಬೇಕು.

ಮತ್ತೆ ಮೇಲ್ ಹೋಗುವುದೇಕೆ?

ಹೆಚ್ಚಿನ ದೂರು ಬರುವುದು ಅಳಿಸಿದ ಮೇಲೆ. ಮುಂದಿನ ವರ್ಷ ಯಾರೋ ಹಳೆಯ ಎಕ್ಸೆಲ್ ಕಡತವನ್ನು ಮತ್ತೆ ಅಪ್‌ಲೋಡ್ ಮಾಡುತ್ತಾರೆ, ಅಳಿಸಿದ ವಿಳಾಸ ಪಟ್ಟಿಗೆ ಮರಳುತ್ತದೆ. ಇದನ್ನು ತಪ್ಪಿಸಲು 'ಕಳಿಸಬಾರದವರ ಪಟ್ಟಿ' ಎಂದು ಪ್ರತ್ಯೇಕವಾಗಿ ಇಡಬೇಕು. ಅದರಲ್ಲಿ ಇಮೇಲ್ ವಿಳಾಸ ಮಾತ್ರ ಇರಬೇಕು, ಹೆಸರೂ ಬೇಡ. ಪ್ರತಿ ಬಾರಿ ಮೇಲ್ ಕಳಿಸುವ ಮುನ್ನ ಈ ಪಟ್ಟಿಯೊಂದಿಗೆ ಹೋಲಿಸಿ ನೋಡಬೇಕು. ಇಷ್ಟನ್ನು ಉಳಿಸಿಕೊಂಡಿರುವುದನ್ನು ಉತ್ತರದಲ್ಲೇ ತಿಳಿಸಬೇಕು.

ಗುರುತು ಖಚಿತಪಡಿಸುವುದು ಹೇಗೆ?

ಕೋರಿಕೆ ನೋಂದಾಯಿತ ವಿಳಾಸದಿಂದಲೇ ಬಂದಿದ್ದರೆ ಸಾಮಾನ್ಯವಾಗಿ ಅಷ್ಟು ಸಾಕು. ಬೇರೆ ವಿಳಾಸದಿಂದ ಬಂದರೆ, ನೋಂದಾಯಿತ ವಿಳಾಸಕ್ಕೆ ಮೇಲ್ ಕಳಿಸಿ ಒಪ್ಪಿಗೆ ಪಡೆಯಬೇಕು. ಆಧಾರ್ ಪ್ರತಿ ಕೇಳಬಾರದು. ಮಾಹಿತಿ ಅಳಿಸಿ ಎಂದವರಿಂದ ಇನ್ನಷ್ಟು ಮಾಹಿತಿ ಪಡೆದಂತಾಗುತ್ತದೆ.

ಉತ್ತರದ ಮಾದರಿ

"ನಮಸ್ಕಾರ. ನಿಮ್ಮ ಕೋರಿಕೆಯಂತೆ ಮೇಲ್ ಪಟ್ಟಿ ಮತ್ತು ಕಾರ್ಯಕ್ರಮ ನೋಂದಣಿಯಲ್ಲಿದ್ದ ನಿಮ್ಮ ವಿವರಗಳನ್ನು ಇಂದು ಅಳಿಸಿದ್ದೇವೆ. ದೇಣಿಗೆ ರಸೀದಿಯನ್ನು ಲೆಕ್ಕಪತ್ರಕ್ಕಾಗಿ ಇಟ್ಟುಕೊಳ್ಳಬೇಕಾಗಿದೆ. ಮತ್ತೆ ಮೇಲ್ ಬಾರದಂತೆ ತಡೆಯಲು ನಿಮ್ಮ ಇಮೇಲ್ ವಿಳಾಸವನ್ನಷ್ಟೇ ಉಳಿಸಿಕೊಂಡಿದ್ದೇವೆ."

ಬಿಟ್ಟುಹೋಗುವ ಕಾರಣ ಕೇಳುವುದು, ಮನವೊಲಿಸುವುದು ಈ ಉತ್ತರದಲ್ಲಿ ಬೇಡ.

ಕಾನೂನು ಏನು ಹೇಳುತ್ತದೆ?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲು ಅವಕಾಶವಿರಬೇಕು. ಬೇರೆ ಕಾನೂನಿನಡಿ ಇಡಲೇಬೇಕಾದ ದಾಖಲೆಗೆ ಅಳಿಸುವ ನಿಯಮ ಅನ್ವಯಿಸದು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಸಂಸ್ಥೆಗಳ ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ 18 ತಿಂಗಳ ಬಳಿಕ ಜಾರಿಗೆ ಬರುತ್ತವೆ.