ಆನ್‌ಲೈನ್ ಅರ್ಜಿ ತುಂಬುವಾಗ ಸೆಷನ್ ಅವಧಿ ಮುಗಿಯದಂತೆ ಕೈಗೊಳ್ಳಬೇಕಾದ ಕ್ರಮಗಳು

ಸಹಾಯಧನದ ದೀರ್ಘ ಅರ್ಜಿಯನ್ನು ತುಂಬಿ ಸಲ್ಲಿಸುವ ಗುಂಡಿಯನ್ನು ಒತ್ತಿದಾಗ ಪರದೆಯ ಮೇಲೆ Session Expired ಎಂದು ಮೂಡಿ, ಪುಟವು ಲಾಗಿನ್‌ಗೆ ಮರಳುವುದುಂಟು. ಅರ್ಜಿಯ ಕೊನೆಯ ದಿನದಂದು ಹೀಗಾದರೆ ಆ ಸಾಲಿನ ಸೌಲಭ್ಯವೇ ಕೈತಪ್ಪಬಹುದು.

ಕಾರಣ: ಲಾಗಿನ್ ಆದ ಬಳಕೆದಾರರಿಂದ ನಿಗದಿತ ಅವಧಿಯವರೆಗೆ ಯಾವುದೇ ಕೋರಿಕೆ ಬಾರದಿದ್ದರೆ ಸರ್ವರ್ ಸೆಷನ್ನನ್ನು ಮುಕ್ತಾಯಗೊಳಿಸುತ್ತದೆ. ಈ ಅವಧಿ ಸಾಮಾನ್ಯವಾಗಿ 20 ಅಥವಾ 30 ನಿಮಿಷ. ಕೆಲವು ಜಾಲತಾಣಗಳಲ್ಲಿ ಇನ್ನೂ ಕಡಿಮೆ. ತಾವು ಟೈಪ್ ಮಾಡಿದ ಅಕ್ಷರಗಳು ತಮ್ಮ ಗಣಕದಲ್ಲಿಯೇ ಉಳಿದಿರುತ್ತವೆಯೇ ಹೊರತು ಸರ್ವರ್‌ಗೆ ತಲುಪಿರುವುದಿಲ್ಲ. ಆದ್ದರಿಂದ ಎಡೆಬಿಡದೆ ಟೈಪ್ ಮಾಡುತ್ತಿದ್ದರೂ ಸರ್ವರ್‌ನ ಲೆಕ್ಕದಲ್ಲಿ ತಾವು ಸುಮ್ಮನಿದ್ದಂತೆಯೇ ಸರಿ.

ಉದಾಹರಣೆ: ಹನಿ ನೀರಾವರಿಗಾಗಿ ಮೂರು ಸರ್ವೆ ನಂಬರುಗಳ ಅರ್ಜಿಯನ್ನು ಬೆಳಿಗ್ಗೆ 10 ಗಂಟೆಗೆ ಆರಂಭಿಸಲಾಯಿತೆಂದು ಭಾವಿಸಿ. 10.08ಕ್ಕೆ ಹೋಬಳಿಯನ್ನು ಆಯ್ದಾಗ ಗ್ರಾಮಗಳ ಪಟ್ಟಿ ಸರ್ವರ್‌ನಿಂದ ಬಂದಿತು; ಅದೇ ಕೊನೆಯ ಸಂಪರ್ಕ. ಅನಂತರ ಪಹಣಿ ಹುಡುಕುವುದರಲ್ಲಿ, ಕಡತದ ಗಾತ್ರ ತಗ್ಗಿಸುವುದರಲ್ಲಿ 25 ನಿಮಿಷ ಕಳೆದು, 10.33ಕ್ಕೆ ಸಲ್ಲಿಸಲಾಯಿತು. ಮಿತಿ 20 ನಿಮಿಷವಾಗಿದ್ದರೆ 10.28ಕ್ಕೇ ಸೆಷನ್ ಮುಗಿದಿರುತ್ತದೆ.

ಪೂರ್ವಸಿದ್ಧತೆ: ಎಫ್.ಐ.ಡಿ. ಸಂಖ್ಯೆ, ಪಹಣಿ, ಬ್ಯಾಂಕ್ ಪಾಸ್ ಪುಸ್ತಕ ಹಾಗೂ ನಿಗದಿತ ಗಾತ್ರಕ್ಕೆ ತಗ್ಗಿಸಿದ ಕಡತಗಳನ್ನು ಲಾಗಿನ್ ಆಗುವ ಮೊದಲೇ ಒಂದೆಡೆ ಇರಿಸಿಕೊಳ್ಳಬೇಕು. ದೀರ್ಘ ವಿವರಣೆಗಳನ್ನು ನೋಟ್‌ಪ್ಯಾಡಿನಲ್ಲಿ ಬರೆದು, ಅಲ್ಲಿಂದ ಅರ್ಜಿಗೆ ನಕಲಿಸುವುದು ಸೂಕ್ತ.

ಸೆಷನ್ ಉಳಿಸಿಕೊಳ್ಳುವುದು: ಪ್ರತಿ 10 ನಿಮಿಷಕ್ಕೊಮ್ಮೆ Save Draft ಅಥವಾ Save & Next ಒತ್ತಿರಿ. ಇದರಿಂದ ಮಾಹಿತಿ ಸರ್ವರ್‌ಗೆ ತಲುಪುವುದಲ್ಲದೆ, ಅವಧಿಯ ಎಣಿಕೆಯೂ ಸಾಮಾನ್ಯವಾಗಿ ಮೊದಲಿನಿಂದ ಆರಂಭವಾಗುತ್ತದೆ. ಮೌಸ್ ಚಲಿಸುವುದರಿಂದ ಈ ಪ್ರಯೋಜನ ದೊರೆಯುತ್ತದೆಂದು ನಂಬುವಂತಿಲ್ಲ. ಪುಟವನ್ನು ರಿಫ್ರೆಶ್ ಮಾಡಿದರಂತೂ ತುಂಬಿದ ವಿವರಗಳೇ ಅಳಿಯಬಹುದು. ಲಾಗಿನ್ ಆದ ಹೊತ್ತಿನಿಂದಲೇ ಒಟ್ಟು ಅವಧಿಯನ್ನು ಎಣಿಸುವ ಜಾಲತಾಣಗಳೂ ಇವೆ. ಅಲ್ಲಿ ಕರಡು ಉಳಿಸುವುದೊಂದೇ ರಕ್ಷಣೆ.

ಕರಡಿನ ಪರಿಶೀಲನೆ: ಮೊದಲ ಬಾರಿ ಕರಡು ಉಳಿಸಿದ ಕೂಡಲೇ ತಾತ್ಕಾಲಿಕ ಸಂಖ್ಯೆ ದೊರೆತರೆ ಬರೆದಿಟ್ಟುಕೊಂಡು, ಲಾಗ್‌ಔಟ್ ಆಗಿ, ಪುನಃ ಲಾಗಿನ್ ಆಗಿ ನೋಡಿರಿ. ವಿವರಗಳು ಉಳಿದಿದ್ದರೂ ಲಗತ್ತಿಸಿದ ಕಡತಗಳು ಉಳಿಯದಿರಬಹುದು. ಅವುಗಳನ್ನು ತೆರೆದು ಖಚಿತಪಡಿಸಿಕೊಳ್ಳಬೇಕು. ಕರಡು ಎಂದರೆ ಸಲ್ಲಿಕೆಯಲ್ಲ. ಅಂತಿಮವಾಗಿ ಸಲ್ಲಿಸಿ ಸ್ವೀಕೃತಿ ಸಂಖ್ಯೆ ಪಡೆದಾಗ ಮಾತ್ರ ಅರ್ಜಿ ಸಲ್ಲಿಕೆ ಪೂರ್ಣಗೊಳ್ಳುತ್ತದೆ.

ಅವಧಿ ಮೀರಿದ ಸಂಶಯವಿದ್ದಲ್ಲಿ: ಸಲ್ಲಿಸುವ ಗುಂಡಿ ಒತ್ತುವ ಮೊದಲು ದೀರ್ಘ ಬರಹಗಳನ್ನು ನೋಟ್‌ಪ್ಯಾಡಿಗೆ ನಕಲಿಸಿ, ಉಳಿದ ಪುಟದ ಛಾಯಾಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಆಗ ಲಾಗಿನ್ ಪುಟ ಎದುರಾದರೂ ಕೆಲವೇ ನಿಮಿಷಗಳಲ್ಲಿ ಮರುಭರ್ತಿ ಮಾಡಬಹುದು. ರೈತರ ಪರವಾಗಿ ಅರ್ಜಿ ತುಂಬುವ ವಿಸ್ತರಣಾ ಕಾರ್ಯಕರ್ತರು, ಮೊಬೈಲಿಗೆ ಬರುವ ಒ.ಟಿ.ಪಿ.ಯ ಅವಧಿ ಸೆಷನ್ನಿನ ಅವಧಿಗಿಂತಲೂ ಚಿಕ್ಕದೆಂಬುದನ್ನು ಗಮನದಲ್ಲಿರಿಸಿ, ರೈತರು ಫೋನಿನೊಡನೆ ಎದುರಿಗಿರುವಾಗಲೇ ಅದನ್ನು ಕೋರತಕ್ಕದ್ದು.